ಅಲಸಂದೆ ಒಣಮೇವು: ಹೂ ಬಂದಾಗ ಕೊಯ್ಯಿ, ಎಲೆ ಉಳಿಸು

ಪಾಂಡವಪುರದ ಕಡೆ ಒಂದು ಹೈನು ಫಾರಂನಲ್ಲಿ ಮೇವಿನ ಉಸ್ತುವಾರಿ ನನ್ನದು. ಬೇಸಿಗೆಯಲ್ಲಿ ನಾಲೆ ನೀರು ನಿಂತ ಮೇಲೆ ಹಸುಗಳ ಮುಂದೆ ಏನು ಹಾಕುವುದು ಅನ್ನುವ ಲೆಕ್ಕವನ್ನು ನಾವು ಸೆಪ್ಟೆಂಬರ್‌ನಲ್ಲೇ ಶುರು ಮಾಡುತ್ತೇವೆ. ಭತ್ತದ ಹುಲ್ಲು, ರಾಗಿ ಹುಲ್ಲು, ಕಬ್ಬಿನ ಸೋಗೆ ನಮ್ಮ ಕಡೆ ಹೇಗೂ ಸಿಗುತ್ತವೆ. ಇವು ಹೊಟ್ಟೆ ತುಂಬಿಸುತ್ತವೆ, ಆದರೆ ಹಾಲಿಗೆ ಬೇಕಾದ ಸತ್ವ ಇವುಗಳಲ್ಲಿ ಕಡಿಮೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ 3–4 ಭಾಗ ಅಷ್ಟೇ. ಸರಿಯಾದ ಹೊತ್ತಿಗೆ ಕೊಯ್ದು ಒಣಗಿಸಿದ ಅಲಸಂದೆಯಲ್ಲಿ 15ಕ್ಕಿಂತ ಜಾಸ್ತಿ ಸಿಗುತ್ತದೆ. ಆ ಸರಿಯಾದ ಹೊತ್ತು ಯಾವುದು ಅನ್ನುವುದರಲ್ಲೇ ಬಹಳ ಜನ ತಪ್ಪುತ್ತಾರೆ.

ನಮ್ಮ ಪಕ್ಕದ ಹೊಲದ ಗೌಡರ ಮನೆಯಲ್ಲಿ ಎರಡು ಹಸು ಇವೆ. ಅವರ ಅಲಸಂದೆ ಹೂ ಬಿಟ್ಟಿತ್ತು. ಇನ್ನು ಎರಡು ದಿನದಲ್ಲಿ ಕೊಯ್ದುಬಿಡಿ ಅಂದೆ. ಅವರಿಗೆ ಅದು ಹಿಡಿಸಲಿಲ್ಲ. "ಏನಪ್ಪಾ, ಹದಿನೈದು ದಿನ ಬಿಟ್ಟರೆ ಕಾಯಿನೂ ಸಿಗುತ್ತೆ, ತೂಕನೂ ಬರುತ್ತೆ. ಈಗಲೇ ಯಾಕೆ?" ಅಂದರು. ನ್ಯಾಯವಾದ ಪ್ರಶ್ನೆ. ತೂಕ ಬರುವುದು ನಿಜ, ಆದರೆ ಬರುವುದು ದಂಟಿಗೆ. ಕಾಯಿ ಕಟ್ಟಲು ಶುರುವಾದರೆ ಎಲೆಯ ಸತ್ವ ಕಾಳಿಗೆ ಇಳಿಯುತ್ತದೆ. ಬುಡದ ಎಲೆ ಹಳದಿಯಾಗಿ ಉದುರುತ್ತದೆ. ದಂಟು ನಾರಾಗುತ್ತದೆ, ಹಸು ಅದನ್ನು ಬಿಟ್ಟು ಮೇಲಿನದನ್ನಷ್ಟೇ ತಿನ್ನುತ್ತದೆ. "ಕಾಯಿ ಬೇಕಾದರೆ ಬದುವಿನ ಪಕ್ಕದ ಎರಡು ಸಾಲು ಬಿಟ್ಟುಕೊಳ್ಳಿ ಗೌಡ್ರೇ, ಉಳಿದದ್ದು ಹಸುವಿಗೆ" ಅಂದೆ. ಅದಕ್ಕೆ ಒಪ್ಪಿದರು.

ಹೊತ್ತು ಬಂದಿದೆಯಾ ಅಂತ ನೋಡಲು ನಾನು ಹೊಲದ ನಡುವೆ ಅಡ್ಡಡ್ಡ ನಡೆದು, ಅಲ್ಲಲ್ಲಿ ಒಂದೊಂದರಂತೆ ಹತ್ತು ಗಿಡ ನೋಡುತ್ತೇನೆ. ಬದುವಿನ ಮೇಲೆ ನಿಂತು ನೋಡಿದರೆ ಸಾಲದು, ಅಂಚಿನ ಗಿಡ ಬೇಗ ಹೂ ಬಿಡುತ್ತದೆ. ಹತ್ತರಲ್ಲಿ ಐದರಲ್ಲಿ ಹೂ ಕಂಡರೆ ಕೊಯ್ಲಿಗೆ ಬಂತು ಅಂತಲೇ. ಬಿತ್ತಿದ ಸುಮಾರು 50–60 ದಿನಕ್ಕೆ ಈ ಹಂತ ಬರುತ್ತದೆ. ಆದರೆ ದಿನಕ್ಕಿಂತ ಹೂವನ್ನೇ ನಂಬಬೇಕು, ಚಳಿ ಮತ್ತು ನೀರಿನ ಮೇಲೆ ಅದು ಹಿಂದೆ ಮುಂದೆ ಆಗುತ್ತದೆ. ಇದಕ್ಕಿಂತ ಮೊದಲೇ ಕೊಯ್ದರೂ ನಷ್ಟ. ಎಳೆಯದರಲ್ಲಿ ನೀರೇ ಜಾಸ್ತಿ, ಒಣಗಲು ತಡ, ಕೈಗೆ ಸಿಗುವುದು ಕಡಿಮೆ.

ರೋಡ್ಸ್ ಅಥವಾ ಗಿನಿ ಹುಲ್ಲಿಗೆ ಗುರುತೇ ಬೇರೆ. ತೆನೆ ಹೊರಗೆ ಇಣುಕುವಾಗಲೇ ಕೊಯ್ಯಬೇಕು. ತೆನೆ ಪೂರ್ತಿ ಬಿಚ್ಚಿಕೊಂಡ ಮೇಲೆ ಹುಲ್ಲು ಅಲಸಂದೆಗಿಂತ ಬೇಗ ಒರಟಾಗುತ್ತದೆ. ಅಲಸಂದೆ ನಾಲ್ಕು ದಿನ ಕಾಯುತ್ತದೆ, ಹುಲ್ಲು ಕಾಯುವುದಿಲ್ಲ. ಅದಕ್ಕೇ ಎರಡೂ ಒಟ್ಟಿಗಿದ್ದರೆ ನಾನು ಹುಲ್ಲಿನ ತೆನೆ ನೋಡಿಕೊಂಡು ದಿನ ಗೊತ್ತು ಮಾಡುತ್ತೇನೆ. ನೇಪಿಯರ್ ಥರದ ದಪ್ಪ ದಂಟಿನ ಹುಲ್ಲನ್ನು ಒಣಗಿಸಲು ಹೋಗುವುದಿಲ್ಲ. ಅದು ಹೊರಗೆ ಒಣಗಿ ಒಳಗೆ ಹಸಿಯಾಗೇ ಇರುತ್ತದೆ. ಅದನ್ನು ಕತ್ತರಿಸಿ ರಸಮೇವು ಮಾಡುವುದೇ ಸರಿ.

ಇನ್ನು ಒಣಗಿಸುವುದು. ಕಷ್ಟ ಇರುವುದೇ ಇಲ್ಲಿ. ಅಲಸಂದೆಯ ಎಲೆ ಒಂದೇ ದಿನದಲ್ಲಿ ಗರಿಗರಿ ಆಗುತ್ತದೆ, ದಂಟಿಗೆ ಇನ್ನೂ ಎರಡು ಮೂರು ದಿನ ಬೇಕು. ದಂಟು ಒಣಗಲಿ ಅಂತ ಬಿಸಿಲಲ್ಲಿ ಬಿಟ್ಟು ಮಧ್ಯಾಹ್ನ ಮಗುಚಿದರೆ ಎಲೆಯೆಲ್ಲ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಪ್ರೋಟೀನ್ ಇರುವುದೇ ಎಲೆಯಲ್ಲಿ. ಎಲೆ ಹೋದರೆ ಇಷ್ಟೆಲ್ಲ ಮಾಡಿ ಕಡ್ಡಿ ಶೇಖರಿಸಿದ ಹಾಗೆ, ಅಲ್ವಾ?

ನಾವು ಮಾಡುವುದು ಹೀಗೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕುಡುಗೋಲಿನಲ್ಲಿ ಕೊಯ್ದು, ಅಲ್ಲೇ ತೆಳ್ಳಗೆ ಹರಡುತ್ತೇವೆ. ಆ ದಿನ ಪೂರ್ತಿ ಬಿಸಿಲು ಕಾಯಲಿ. ಮಾರನೇ ದಿನ ಬೆಳಗ್ಗೆ, ಎಲೆ ಇನ್ನೂ ಸ್ವಲ್ಪ ಮೆದುವಾಗಿರುವಾಗಲೇ ಮಗುಚುತ್ತೇವೆ. ಮಗುಚುವ ಕೆಲಸ ಬೆಳಗ್ಗೆ ಮಾತ್ರ, ಬಿಸಿಲು ಏರಿದ ಮೇಲೆ ಯಾರೂ ಮುಟ್ಟುವುದಿಲ್ಲ. ಎರಡನೇ ದಿನ ಸಂಜೆಗೆ ಸಣ್ಣ ಗುಡ್ಡೆ ಮಾಡಿ, ಆಮೇಲೆ ಗಾಳಿ ಆಡುವ ಶೆಡ್ಡಿನ ನೆರಳಿಗೆ ತಂದು ಉಳಿದದ್ದನ್ನು ಒಣಗಿಸುತ್ತೇವೆ. ನೆರಳಲ್ಲಿ ಒಣಗಿದರೆ ಹಸಿರು ಬಣ್ಣವೂ ಉಳಿಯುತ್ತದೆ.

ಗೌಡರ ಶೆಡ್ಡು ಚಿಕ್ಕದು. ಅವರಿಗೆ ಬೇರೆ ದಾರಿ ಹೇಳಿದೆ. ಅರ್ಧ ಒಣಗಿದ ಅಲಸಂದೆಯ ಒಂದು ಪದರ, ಅದರ ಮೇಲೆ ಚೆನ್ನಾಗಿ ಒಣಗಿದ ಭತ್ತದ ಹುಲ್ಲಿನ ಒಂದು ಪದರ, ಹೀಗೆ ತೆಳ್ಳಗೆ ಪೇರಿಸುವುದು. ಹುಲ್ಲು ದಂಟಿನ ತೇವ ಎಳೆದುಕೊಳ್ಳುತ್ತದೆ, ಉದುರಿದ ಎಲೆಯೂ ಹುಲ್ಲಿನ ಮೇಲೆ ಉಳಿಯುತ್ತದೆ. ಎರಡೂ ಸೇರಿ ಹಸುವಿಗೆ ರುಚಿಯಾಗುತ್ತದೆ. ಆದರೆ ಅಲಸಂದೆ ತೀರಾ ಹಸಿಯಾಗಿದ್ದರೆ ಈ ಉಪಾಯ ಕೈಕೊಡುತ್ತದೆ. ಎಲೆ ಪೂರ್ತಿ ಬಾಡಿರಲೇಬೇಕು.

ಒಣಮೇವಿನಲ್ಲಿ ತೇವ ನೂರಕ್ಕೆ 15ರ ಆಸುಪಾಸಿಗೆ ಇಳಿಯಬೇಕು. 20 ದಾಟಿದರೆ ಬೂಷ್ಟು ಹಿಡಿಯುತ್ತದೆ. ಮೀಟರ್ ಇಲ್ಲದೆಯೂ ಇದನ್ನು ತಿಳಿಯಬಹುದು. ದಂಟಿನ ಸಿಪ್ಪೆಯನ್ನು ಉಗುರಿನಲ್ಲಿ ಕೆರೆದು ನೋಡಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಹಸಿ. ಅನುಮಾನ ಇದ್ದರೆ ಉಪ್ಪಿನ ಪರೀಕ್ಷೆ ಮಾಡಿ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಮೇವನ್ನು ಚಿಕ್ಕದಾಗಿ ಕತ್ತರಿಸಿ ಹಾಕಿ. ಒಂದು ಚಮಚ ಒಣ ಪುಡಿ ಉಪ್ಪು ಹಾಕಿ ಮುಚ್ಚಳ ಬಿಗಿದು ಎರಡು ಮೂರು ನಿಮಿಷ ಕುಲುಕಿ. ಉಪ್ಪು ಬಿಡಿಬಿಡಿಯಾಗೇ ಉಳಿದರೆ ಮೆದೆ ಹಾಕಬಹುದು. ಗಂಟು ಕಟ್ಟಿದರೆ ಅಥವಾ ಗಾಜಿಗೆ ಅಂಟಿದರೆ ಇನ್ನೊಂದು ದಿನ ಕಾಯಬೇಕು. ಬೇರೆ ಬೇರೆ ಗುಡ್ಡೆಯಿಂದ ತೆಗೆದು ನೋಡಬೇಕು, ಅದರಲ್ಲೂ ಗುಡ್ಡೆಯ ಒಳಗಿನದನ್ನು.

ಮೆದೆ ನೆಲದ ಮೇಲೆ ಬೇಡ. ಕಲ್ಲಿನ ಮೇಲೆ ಮರದ ಹಲಗೆ ಅಥವಾ ಗಳ ಹಾಸಿ, ಅದರ ಮೇಲೆ ಪೇರಿಸಿ, ಗೋಡೆಯಿಂದ ಒಂದು ಅಡಿ ಬಿಡಿ. ಮೊದಲ ಎರಡು ಮೂರು ವಾರ ಕಣ್ಣಿಡಬೇಕು. ಒಂದು ಕಬ್ಬಿಣದ ಸರಳನ್ನು ಮೆದೆಯ ನಡುವಿಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆದು ಮುಟ್ಟಿ. ಬೆಚ್ಚಗಿದ್ದರೆ ದಿನಾ ನೋಡುತ್ತಿರಿ. ಹಿಡಿಯಲಾಗದಷ್ಟು ಬಿಸಿ ಇದ್ದರೆ ಅಪಾಯ, ಹಸಿ ಮೆದೆ ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳುವುದೂ ಉಂಟು. ಅಂಥ ಮೆದೆಯನ್ನು ಬಿಚ್ಚುವಾಗ ಗಾಳಿ ತಗುಲಿ ಬೆಂಕಿ ಏಳಬಹುದು. ನೀರು ಇಟ್ಟುಕೊಂಡು, ಕೊಟ್ಟಿಗೆಯ ಹಸುಗಳನ್ನು ಹೊರಗೆ ಕಟ್ಟಿ, ಆಮೇಲೆ ಬಿಚ್ಚಬೇಕು. ಕಂದು ಬಣ್ಣಕ್ಕೆ ತಿರುಗಿ ಹೊಗೆಸೊಪ್ಪಿನ ವಾಸನೆ ಬರುವ ಮೇವನ್ನು ಹಸು ಆಸೆಯಿಂದ ತಿಂದರೂ ಅದರ ಪ್ರೋಟೀನ್ ಮೈಗೆ ಹತ್ತುವುದಿಲ್ಲ. ಬೂಷ್ಟು ಹಿಡಿದದ್ದನ್ನು ಗಬ್ಬದ ಹಸುವಿಗಂತೂ ಹಾಕಲೇಬೇಡಿ, ತಿಪ್ಪೆಗೆ ಹಾಕಿ.

ಗೌಡರಿಗೆ ಹಾಕಿಕೊಟ್ಟ ಲೆಕ್ಕ ಇದು. ಎರಡು ಹಸುವಿಗೆ ದಿನಕ್ಕೆ ತಲಾ 3 ಕೆಜಿ, ಉಳಿದದ್ದು ರಾಗಿ ಹುಲ್ಲು. ಫೆಬ್ರವರಿಯಿಂದ ಮೇವರೆಗೆ 120 ದಿನಕ್ಕೆ 720 ಕೆಜಿ ಒಣಮೇವು. ಹಸಿ ಅಲಸಂದೆಯಲ್ಲಿ ನೂರಕ್ಕೆ 80 ಭಾಗ ನೀರು. ಉದುರುವುದು, ಹಾಳಾಗುವುದು ಎಲ್ಲ ಕಳೆದರೆ 100 ಕೆಜಿ ಹಸಿಗೆ 20 ಕೆಜಿ ಒಣಮೇವು ಕೈಗೆ ಸಿಗುತ್ತದೆ. ಅಂದರೆ 3,600 ಕೆಜಿ ಹಸಿ ಮೇವು ಬೇಕು. ಎಕರೆಗೆ 8 ಟನ್ ಅಂತ ಹಿಡಿದರೂ 18 ಗುಂಟೆ ಸಾಕು.

ಬಿತ್ತನೆ ದಿನವನ್ನು ಕೊಯ್ಲಿನಿಂದ ಹಿಂದಕ್ಕೆ ಎಣಿಸಬೇಕು. ಅಕ್ಟೋಬರ್ ಮೊದಲ ವಾರ ಬಿತ್ತಿದರೆ ಹೂ ಬರುವುದು ನವೆಂಬರ್ ಕೊನೆ, ಡಿಸೆಂಬರ್ ಮೊದಲಿಗೆ. ಆಗ ಹಗಲು ಒಳ್ಳೆ ಬಿಸಿಲು. ಆದರೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಕುಡುಗೋಲು ಕೆಳಗಿಡಬೇಕು. ಮುಂದಿನ ನಾಲ್ಕು ದಿನ ಮಳೆ ಇಲ್ಲ ಅನ್ನುವುದನ್ನು ನೋಡಿಕೊಂಡೇ ಕೊಯ್ಯಬೇಕು. ಕೊಯ್ದ ಅಲಸಂದೆ ಮಳೆಗೆ ನೆನೆದರೆ ಸತ್ವ ತೊಳೆದುಹೋಗಿ ಎಲೆ ಕಪ್ಪಾಗುತ್ತದೆ. ಹೂ ಬಿಟ್ಟ ಗಿಡ ಇನ್ನೊಂದು ವಾರ ಹೊಲದಲ್ಲೇ ನಿಂತರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ಕಡಿಮೆ.