ಬಿಲ್ಡರ್‌ಗೆ ಮೊದಲು ತೋರಿಸಬೇಕಾದದ್ದು ಸಿಂಕಿನ ಕೆಳಭಾಗ

ಬಳ್ಳಾರಿಯಂಥ ಊರಿನಲ್ಲಿ ಹತ್ತು ಹನ್ನೆರಡು ಫ್ಲ್ಯಾಟುಗಳ ಅಪಾರ್ಟ್‌ಮೆಂಟ್ ಕಟ್ಟುವವರು ಒಳಾಂಗಣ ವಿನ್ಯಾಸದ ಮಾತು ಕೇಳುವಾಗ ಮನಸ್ಸಿನಲ್ಲಿ ಬಡ್ಡಿ ಎಣಿಸುತ್ತಿರುತ್ತಾರೆ. ಒಂದು ಫ್ಲ್ಯಾಟಿಗೆ 45 ಲಕ್ಷ ಎಂದು ಇಟ್ಟುಕೊಳ್ಳಿ. ಕೀಲಿ ಕೊಡುವಾಗ ಬರಬೇಕಾದ ಕೊನೆಯ ಕಂತು ನೂರಕ್ಕೆ ಹತ್ತರಂತೆ ನಾಲ್ಕೂವರೆ ಲಕ್ಷ. ಹನ್ನೆರಡು ಫ್ಲ್ಯಾಟಿಗೆ 54 ಲಕ್ಷ. ರೂಪಾಯಿ ಬಡ್ಡಿಯ ದುಡ್ಡಾದರೆ ಅಡುಗೆಮನೆಯ ಬಾಗಿಲು ಕೂರದೆ ತಿಂಗಳು ತಡವಾದದ್ದಕ್ಕೆ 54 ಸಾವಿರ ಕೈಬಿಟ್ಟಿತು. ಎಂಟಕ್ಕಿಂತ ಹೆಚ್ಚು ಫ್ಲ್ಯಾಟಿದ್ದರೆ ರೇರಾದಲ್ಲಿ ನೋಂದಣಿ ಮಾಡಿಸಿ ಮುಗಿಸುವ ದಿನಾಂಕವನ್ನೂ ಬರೆದುಕೊಟ್ಟಿರಬೇಕು. ಅದು ದಾಟಿದರೆ ಕೊಂಡವರಿಗೆ ಇವರೇ ಬಡ್ಡಿ ಕಟ್ಟಬೇಕಾಗುತ್ತದೆ. ಇವೆರಡಕ್ಕಿಂತ ಗಟ್ಟಿಯಾದ ಗಡುವು ಆಷಾಢ. ಅದಕ್ಕೂ ಮುಂಚೆ ಗೃಹಪ್ರವೇಶ ಆಗದಿದ್ದರೆ ಶ್ರಾವಣದವರೆಗೆ ಯಾರೂ ಹಾಲು ಉಕ್ಕಿಸುವುದಿಲ್ಲ, ಕಂತೂ ಬರುವುದಿಲ್ಲ.

ಇದೆಲ್ಲ ನಮ್ಮ ವಿನ್ಯಾಸ ಕಚೇರಿಯ ಯಜಮಾನರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ದುಬಾರಿ ರೆಂಡರಿಂಗ್ ಸಾಫ್ಟ್‌ವೇರ್ ಕೊಂಡ ಮೇಲೆ ಅವರಿಗೆ ಎಲ್ಲ ಗಿರಾಕಿಗಳೂ ಸಿನಿಮಾ ಪ್ರೇಕ್ಷಕರಂತೆ ಕಾಣತೊಡಗಿದರು. ಸಿರುಗುಪ್ಪ ರಸ್ತೆಯ ಕಡೆ ಒಬ್ಬ ಬಿಲ್ಡರ್ ಹನ್ನೆರಡು ಫ್ಲ್ಯಾಟು ಎಬ್ಬಿಸುತ್ತಿದ್ದಾರೆ ಎಂದು ತಿಳಿದಾಗ, ಮೊದಲು ಮನೆಯೊಳಗೆ ನಡೆದಾಡಿದಂತೆ ಕಾಣುವ ವಾಕ್‌ಥ್ರೂ ತೋರಿಸಬೇಕು, ರೇಟು ಕೊನೆಗೆ ಎಂದು ಅಪ್ಪಣೆಯಾಯಿತು.

ಸೈಟಿನ ತಗಡಿನ ಶೆಡ್ಡಿನಲ್ಲಿ ಕುಳಿತೆವು. ಏಪ್ರಿಲ್ ಬಿಸಿಲು ಬಾಗಿಲಿನಿಂದ ನೇರವಾಗಿ ಲ್ಯಾಪ್‌ಟಾಪಿನ ಪರದೆಗೆ ಬೀಳುತ್ತಿತ್ತು. ಬಿಲ್ಡರ್ ಒಂದೂ ಮಾತಾಡದೆ ನೋಡುತ್ತಿದ್ದರು, ನಾನು ಆ ಮೌನವನ್ನು ಮೆಚ್ಚುಗೆ ಎಂದೇ ಓದಿಕೊಂಡು ಇನ್ನಷ್ಟು ಹುರುಪಿನಿಂದ ವಿವರಿಸುತ್ತಾ ಹೋದೆ. ಅಡುಗೆಮನೆ ಬಂದಾಗ ಹಿಂದೆ ನಿಂತಿದ್ದ ಮೇಸ್ತ್ರಿ ಬಗ್ಗಿ ನೋಡಿದ.

"ಮೇಡಂ, ಈ ಮೂಲೆಯಲ್ಲಿ ಕಂಬ ಇದೆಯಲ್ಲ, ಅದು ಎಲ್ಲಿಗೆ ಹೋಯಿತು?"

ನಾಲ್ಕೂವರೆ ಇಂಚಿನ ಗೋಡೆ, ಒಂಬತ್ತು ಇಂಚಿನ ಕಾಲಮ್. ಉಳಿದ ನಾಲ್ಕೂವರೆ ಇಂಚು ಅಡುಗೆಮನೆಯೊಳಗೆ ಚಾಚಿಕೊಂಡಿತ್ತು. ನಮ್ಮ ಚಿತ್ರದಲ್ಲಿ ಆ ಜಾಗದಲ್ಲಿ ಫ್ರಿಜ್ ಹೊಳೆಯುತ್ತಿತ್ತು. ನಾನು ಸರಿಪಡಿಸುತ್ತೇವೆ ಎಂದೆ. ಯಜಮಾನರು ಇದು ಬರೀ ಕಾನ್ಸೆಪ್ಟ್ ಎಂದರು. ಎರಡೂ ಉತ್ತರ ಒಟ್ಟಿಗೆ ಬಂದದ್ದರಿಂದ ಎರಡೂ ಕೆಟ್ಟವು. ಬಿಲ್ಡರ್ ಟೀ ತರಿಸಿದರು. ಟೀ ಮುಗಿಯುವವರೆಗೆ ಸಿಮೆಂಟ್ ದರ ಬಿಟ್ಟು ಬೇರೆ ಮಾತು ಬರಲಿಲ್ಲ. ಏಳುವಾಗ ಅವರು ಕೇಳಿದ್ದು ಒಂದೇ: "ಇಂಥದ್ದು ಎಲ್ಲಾದರೂ ಮಾಡಿ ಮುಗಿಸಿದ್ದೀರಾ ಅಮ್ಮಾ?" ಮಾಡಿದ್ದೆವು. ತೋರಿಸಲು ತಂದಿರಲಿಲ್ಲ.

ಕೆಲಸ ಹೋದದ್ದು ಒಬ್ಬ ಬಡಗಿ ಗುತ್ತಿಗೆದಾರನಿಗೆ. ಅವನು ಮೊಬೈಲಿನಲ್ಲಿ ತಾನು ಮುಗಿಸಿದ ಎರಡು ಅಡುಗೆಮನೆ ತೋರಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ನಿನಿಂದ ದಿನ ಗುರುತು ಮಾಡಿದನಂತೆ. ಯಜಮಾನರು ಇಂದಿಗೂ ಅದನ್ನು ರೇಟಿನ ಸೋಲು ಎನ್ನುತ್ತಾರೆ. ಮೇಸ್ತ್ರಿ ಹೇಳಿದ ಪ್ರಕಾರ ಅವನ ರೇಟು ನಮ್ಮದಕ್ಕಿಂತ ಅಷ್ಟೇನೂ ಕಡಿಮೆ ಇರಲಿಲ್ಲ.

ಈಗ ನಾನು ಒಯ್ಯುವುದು ಒಂದು ಎ3 ಹಾಳೆ. ಎಡಭಾಗದಲ್ಲಿ ಮುಗಿದ ಕೆಲಸದ ಫೋಟೋಗಳು, ಅದೂ ಅವರ ಕಟ್ಟಡದ ದರ್ಜೆಯವೇ. ಗಣಿ ಮಾಲೀಕರ ಬಂಗಲೆಯ ಫೋಟೋ ತೋರಿಸಿದರೆ ಇದು ನನ್ನ ರೇಟಿಗೆ ಬಗ್ಗುವುದಿಲ್ಲ ಎಂದು ಮನಸ್ಸಿನಲ್ಲೇ ಎದ್ದು ಹೋಗುತ್ತಾರೆ. ಎರಡು ಬೆಡ್‌ರೂಮಿನ ಫ್ಲ್ಯಾಟು, ಹತ್ತಡಿಯ ಅಡುಗೆಮನೆ, ಜನ ಇದ್ದು ಒಂದೆರಡು ಬೇಸಿಗೆ ಕಳೆದಿರಬೇಕು. ಹೊಸದಾಗಿದ್ದಾಗ ಎಲ್ಲರ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಬಿಸಿಲಿಗೆ ಹಲಗೆಯ ಅಂಚಿಗೆ ಕಳಪೆ ಅಂಟಿನಿಂದ ಹಚ್ಚಿದ ಎಡ್ಜ್ ಬ್ಯಾಂಡ್ ಮೊದಲು ಬಾಯಿ ಬಿಡುವುದು ಒಲೆಯ ಪಕ್ಕದಲ್ಲಿ. ಏಳಡಿ ಎತ್ತರದ ವಾರ್ಡ್‌ರೋಬ್ ಬಾಗಿಲು ಬಿಲ್ಲಿನಂತೆ ಬಾಗಿ ಮೇಲೆ ಸಂದು ಬಿಡುತ್ತದೆ. ಬಚ್ಚಲಿನ ಗೋಡೆಗೆ ತಾಗಿದ ಕಪಾಟಿನ ಹಿಂಬದಿ ಬೂಷ್ಟು ಹಿಡಿಯುತ್ತದೆ. ಹಾಗಾಗಿ ನನ್ನ ಹಾಳೆಯಲ್ಲಿ ದೊಡ್ಡದಾಗಿರುವುದು ಸಿಂಕಿನ ಕೆಳಗಿನ ಪೆಟ್ಟಿಗೆಯ ಫೋಟೋ: ಪೈಪು ಹಾಯುವ ತೂತಿನ ಅಂಚಿಗೆ ಸಿಲಿಕೋನ್ ಹಚ್ಚಿದೆ, ತಳದ ಹಲಗೆ ಉಬ್ಬಿಲ್ಲ. ಮನೆಯವರ ಒಪ್ಪಿಗೆ ಇದ್ದರೆ ಬಿಲ್ಡರನ್ನು ಅಲ್ಲಿಗೇ ಕರೆದೊಯ್ಯುತ್ತೇನೆ. ಅವರು ಹಾಲ್ ಕಡೆ ನೋಡುವುದಿಲ್ಲ, ನೇರವಾಗಿ ಹೋಗಿ ಸಿಂಕಿನ ಬಾಗಿಲನ್ನೇ ತೆಗೆಯುತ್ತಾರೆ.

ಹಾಳೆಯ ಬಲಭಾಗದಲ್ಲಿ ದಿನಗಳು, ಕೊನೆಯಿಂದ ಹಿಂದಕ್ಕೆ ಎಣಿಸಿದವು. ಒಂದು ಫ್ಲ್ಯಾಟಿನ ಅಡುಗೆಮನೆ, ಎರಡು ವಾರ್ಡ್‌ರೋಬ್ ಕೂರಿಸಲು ಇಬ್ಬರು ಬಡಗಿಗಳ ಒಂದು ತಂಡಕ್ಕೆ ಐದು ಕೆಲಸದ ದಿನ ಬೇಕು. ಎರಡು ತಂಡ ಹಾಕಿದರೆ ಹನ್ನೆರಡು ಫ್ಲ್ಯಾಟಿಗೆ ಮೂವತ್ತು ದಿನ, ಭಾನುವಾರಗಳನ್ನು ಬಿಟ್ಟು ಐದು ವಾರ. ಅದಕ್ಕೂ ಮುಂಚೆ, ಅಳತೆ ತೆಗೆದು ವರ್ಕ್‌ಶಾಪಿನಲ್ಲಿ ಹಲಗೆ ಕತ್ತರಿಸಿ ಮೊದಲ ನಾಲ್ಕು ಫ್ಲ್ಯಾಟಿನ ಮಾಲು ಸೈಟಿಗೆ ಬರಲು ಮೂರು ವಾರ. ಕೂರಿಸಿದ ಮೇಲೆ ಬಣ್ಣದ ಕೊನೆಯ ಕೋಟಿಗೆ, ಸಣ್ಣಪುಟ್ಟ ತಿದ್ದುಪಡಿಗೆ ಎರಡು ವಾರ. ಒಟ್ಟು ಹತ್ತು ವಾರ. ಅಂದರೆ ಗೃಹಪ್ರವೇಶಕ್ಕೆ ಹತ್ತು ವಾರ ಇರುವಾಗ ಮೊದಲ ನಾಲ್ಕು ಫ್ಲ್ಯಾಟಿನ ನೆಲದ ಟೈಲ್ಸೂ ಗೋಡೆಯ ಡ್ಯಾಡೋ ಟೈಲ್ಸೂ ಮುಗಿದಿರಬೇಕು. ಟೈಲ್ಸಿಗೆ ಮುಂಚೆ ಅಳತೆ ತೆಗೆದರೆ ಎತ್ತರದಲ್ಲಿ ಒಂದೆರಡು ಇಂಚು ಹೆಚ್ಚುಕಡಿಮೆಯಾಗಿ ಎಲ್ಲ ಬಾಗಿಲನ್ನೂ ಮತ್ತೆ ಕತ್ತರಿಸಬೇಕಾಗುತ್ತದೆ.

ಈ ಭಾಗವನ್ನು ನೋಡುವಾಗ ಬಿಲ್ಡರ್‌ಗಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ, ಏಕೆಂದರೆ ಇದರಲ್ಲಿ ಅವರ ಕೆಲಸಗಾರರ ದಿನವೂ ಬರೆದಿರುತ್ತದೆ. ಚಿಮಣಿ, ಓವನ್, ನೀರಿನ ಫಿಲ್ಟರಿನ ಪಾಯಿಂಟುಗಳ ನಕ್ಷೆಯನ್ನು ಪ್ಲಾಸ್ಟರಿಗೆ ಮುಂಚೆಯೇ ನಾನು ಕೊಡಬೇಕು. ಇಲ್ಲದಿದ್ದರೆ ಮುಗಿದ ಟೈಲ್ಸನ್ನು ಒಡೆಯಬೇಕಾಗುತ್ತದೆ. ಇನ್ನೊಂದು ಅಡುಗೆ ಕಟ್ಟೆ. ನಮ್ಮ ಮೇಸ್ತ್ರಿಗಳು ಯಾರನ್ನೂ ಕೇಳದೆ ಕಡಪಾ ಕಲ್ಲನ್ನು ಕಾಲಾಗಿ ನಿಲ್ಲಿಸಿ ಮೇಲೆ ಗ್ರಾನೈಟ್ ಹಾಸಿಬಿಡುತ್ತಾರೆ. ಆಮೇಲೆ ಎರಡು ಕಲ್ಲಿನ ನಡುವೆ ಉಳಿದ ಜಾಗದಲ್ಲಿ ಸಿದ್ಧ ಅಳತೆಯ ಡ್ರಾಯರ್ ಕೂರುವುದಿಲ್ಲ, ಆ ಪೆಟ್ಟಿಗೆಗೆ ಬೇರೆಯೇ ಅಳತೆ, ಬೇರೆಯೇ ದರ. ಕಟ್ಟೆ ಹಾಕುವ ಮುಂಚಿನ ವಾರಕ್ಕೆ ನನ್ನ ಹಾಳೆಯಲ್ಲಿ ಕೆಂಪು ಗೆರೆ ಇದೆ.

ಈ ಕೆಲಸಕ್ಕೆ ಹೊಸಬರಾಗಿದ್ದು ತೋರಿಸಲು ಮುಗಿದ ಫ್ಲ್ಯಾಟೇ ಇಲ್ಲದಿದ್ದರೆ ಮೊದಲ ಮಹಡಿಯ ಒಂದು ಫ್ಲ್ಯಾಟನ್ನು ಮಾದರಿಯಾಗಿ ಮುಗಿಸಿಕೊಡುತ್ತೇನೆ ಎಂದು ಕೇಳಬಹುದು. ಬಿಲ್ಡರ್‌ಗೂ ಮಾರಾಟಕ್ಕೆ ಅದು ಬೇಕಾಗುತ್ತದೆ. ಖರ್ಚಿನ ಪಾಲು ಮೊದಲೇ ಬರೆದುಕೊಳ್ಳಿ.

ಇತ್ತೀಚೆಗೆ ಗಾಂಧಿನಗರದ ಒಬ್ಬ ಬಿಲ್ಡರ್ ಹಾಳೆಯನ್ನು ಪೂರ್ತಿ ಓದಿ, ತಡವಾದ ಪ್ರತಿ ವಾರಕ್ಕೂ ದಂಡ ಬರೆಯಿರಿ ಎಂದರು. ಬರೆಯುತ್ತೇನೆ, ಆದರೆ ಇಂಥ ತಾರೀಖು ಎಂದಲ್ಲ, ನಾಲ್ಕು ಫ್ಲ್ಯಾಟಿನ ಟೈಲ್ಸ್ ಮುಗಿಸಿ ನೀವು ಸಹಿ ಹಾಕಿದ ದಿನದಿಂದ ಎಣಿಕೆ ಎಂದೆ. ಹೋಳಿ ಹಬ್ಬಕ್ಕೆ ಊರಿಗೆ ಹೋಗುವ ರಾಜಸ್ಥಾನದ ಬಡಗಿಗಳ ರಜೆಯನ್ನೂ ಎಣಿಕೆಯಿಂದ ಹೊರಗಿಟ್ಟೆ. ಯಜಮಾನರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಬಿಲ್ಡರ್ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಟೈಲ್ಸ್ ಮೇಸ್ತ್ರಿಗೆ ಫೋನ್ ಹಚ್ಚಿ, "ಮೂರನೇ ಮಹಡಿ ಬಿಡು, ನಾಳೆಯಿಂದ ಮೊದಲನೆಯದಕ್ಕೆ ಬಾ" ಎಂದರು.