ಮ್ಯಾಗ್ನೆಟ್ ಹಚ್ಚಿದ ಡಿಎನ್‌ಎ: ಮಾದರಿ ಎಲ್ಲಿಗೆ ಬಂತು

ಸನ್‌ಬೋರ್ಡ್ ಮತ್ತು ಮ್ಯಾಗ್ನೆಟ್‌ಗಳಿಂದ ನಾನು ಕಟ್ಟುತ್ತಿರುವ ಡಿಎನ್‌ಎ ಮಾದರಿ ಒಂದು ಹಂತಕ್ಕೆ ಬಂದಿದೆ. ಆರ್‌ಎನ್‌ಎ ಕೆಲಸವೂ ಶುರುವಾಗಿದೆ. ಇಲ್ಲಿಯವರೆಗಿನ ವರದಿ ಒಪ್ಪಿಸುತ್ತೇನೆ.

ಅಳತೆ ಸರಳವಾಗಿಟ್ಟಿದ್ದೇನೆ: ಒಂದು ಆಂಗ್‌ಸ್ಟ್ರಾಮ್‌ಗೆ, ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗಕ್ಕೆ, ಒಂದು ಸೆಂಟಿಮೀಟರ್. ಕಟ್ಟುತ್ತಿರುವ ಸರಣಿ `CGCGAATTCGCG`. ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ `1BNA` ಎಂದು ಹುಡುಕಿದರೆ ಹೈಡ್ರೋಜನ್ ಬಿಟ್ಟು ಉಳಿದ ಪ್ರತಿ ಪರಮಾಣುವಿನ ಜಾಗ ಸಿಗುತ್ತದೆ. ಈ ಸರಣಿಯನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಎದುರಿನ ಎಳೆ ತಲೆಕೆಳಗಾಗಿ ಓಡುತ್ತದಲ್ವಾ, ಅದನ್ನು ಅದರ ದಿಕ್ಕಿನಲ್ಲೇ ಓದಿದರೆ ಇದೇ ಸರಣಿ ಬರುತ್ತದೆ. ಹಾಗಾಗಿ ಒಂದೇ ಎಳೆಯನ್ನು ಎರಡು ಸಲ ಮಾಡಿದರೆ ಸಾಕು.

ಸರಣಿಯ ಅಕ್ಷರಗಳಾದ ಬೇಸ್‌ಗಳನ್ನು 5 ಮಿಲಿಮೀಟರ್ ಸನ್‌ಬೋರ್ಡ್‌ನಲ್ಲಿ ಕತ್ತರಿಸಿದ್ದೇನೆ. ಅಡಿನಿನ್, ಗ್ವಾನಿನ್ ಎರಡು ಉಂಗುರದ ದೊಡ್ಡ ತುಂಡುಗಳು. ಸೈಟೊಸಿನ್, ಥೈಮಿನ್ ಒಂದೇ ಉಂಗುರದ ಸಣ್ಣವು. ಪ್ರತಿ ಬೇಸ್ ಸಕ್ಕರೆಯ 1ನೇ ಕಾರ್ಬನ್‌ಗೆ ಅಂಟುತ್ತದೆ. ಸಕ್ಕರೆಯ 3ನೇ ಮತ್ತು 5ನೇ ಕಾರ್ಬನ್‌ಗಳನ್ನು ಫಾಸ್ಫೇಟ್ ಸರಪಳಿಯಾಗಿ ಹೊಲಿಯುತ್ತದೆ. 2ನೇ ಕಾರ್ಬನ್‌ಗೆ ಡಿಎನ್‌ಎಯಲ್ಲಿ ಏನೂ ಕೆಲಸವಿಲ್ಲ, ಅಲ್ಲಿ ಹೈಡ್ರೋಜನ್ ಸುಮ್ನೆ ಕೂತಿರುತ್ತದೆ. ಆ ಜಾಗಕ್ಕೆ ಆಮೇಲೆ ಬರುತ್ತೇನೆ.

ಮ್ಯಾಗ್ನೆಟ್ ವ್ಯವಸ್ಥೆ

ಹೈಡ್ರೋಜನ್ ಬಂಧಕ್ಕೆ ಒಬ್ಬ ಕೊಡುವವನು, ಒಬ್ಬ ತೆಗೆದುಕೊಳ್ಳುವವನು ಬೇಕು. ಹೈಡ್ರೋಜನ್ ಹೊತ್ತ ನೈಟ್ರೋಜನ್ ಕೊಡುತ್ತದೆ. ಬರೀ ಆಕ್ಸಿಜನ್, ಅಥವಾ ಹೈಡ್ರೋಜನ್ ಇಲ್ಲದ ನೈಟ್ರೋಜನ್ ತೆಗೆದುಕೊಳ್ಳುತ್ತದೆ. ಆದ್ದರಿಂದ ಬೇಸ್‌ನ ಅಂಚಿನಲ್ಲಿ ಚಿಕ್ಕ ಮ್ಯಾಗ್ನೆಟ್ ಕೂರಿಸಿ, ಕೊಡುವ ಕಡೆ ಉತ್ತರ ಧ್ರುವ ಹೊರಗೆ, ತೆಗೆದುಕೊಳ್ಳುವ ಕಡೆ ದಕ್ಷಿಣ ಧ್ರುವ ಹೊರಗೆ ಇಟ್ಟೆ.

ಮೇಲಿನಿಂದ ಕೆಳಕ್ಕೆ ಓದಿದರೆ ಗ್ವಾನಿನ್ ಅಂಚು ಹೀಗಿದೆ: ತಗೋ, ಕೊಡು, ಕೊಡು. ಸೈಟೊಸಿನ್: ಕೊಡು, ತಗೋ, ತಗೋ. ಮೇಜಿನ ಮೇಲೆ ಎದುರುಬದುರು ತಂದರೆ ಟಕ್ ಅಂತ ಕೂರುತ್ತವೆ, ಮೂರೂ ಕಡೆ. ಅಡಿನಿನ್: ಕೊಡು, ತಗೋ, ಆಮೇಲೆ ಖಾಲಿ. ಥೈಮಿನ್: ತಗೋ, ಕೊಡು, ಮೂರನೆಯದಾಗಿ ಜೊತೆಗಾರನಿಲ್ಲದ ಒಂದು ತಗೋ. ಎರಡೇ ಬಂಧ. ಎರಡೂ ಜೋಡಿಗಳಲ್ಲಿ ಸಕ್ಕರೆಯಿಂದ ಸಕ್ಕರೆಗೆ, ಅಂದರೆ 1ನೇ ಕಾರ್ಬನ್‌ಗಳ ನಡುವೆ, ಹತ್ತೂವರೆ ಸೆಂಟಿಮೀಟರ್ ಆಸುಪಾಸು ಬರುತ್ತದೆ. ಜೋಡಿ ಯಾವುದಾದರೂ ಹೊರಗಿನ ಚೌಕಟ್ಟು ಅಲುಗುವುದಿಲ್ಲ.

ಈಗ ತಪ್ಪು ಜೋಡಿ. ಅಡಿನಿನ್ ಎದುರು ಸೈಟೊಸಿನ್ ಇಟ್ಟರೆ ಕೊಡುವವನ ಎದುರು ಕೊಡುವವನು, ತೆಗೆದುಕೊಳ್ಳುವವನ ಎದುರು ತೆಗೆದುಕೊಳ್ಳುವವನು. ತುಂಡು ಕೈಯಿಂದ ಜಾರಿ ಪಕ್ಕಕ್ಕೆ ಹೋಗುತ್ತದೆ. ಗ್ವಾನಿನ್ ಮತ್ತು ಥೈಮಿನ್‌ಗೂ ಮೇಲಿನ ಎರಡು ಕಡೆ ಇದೇ ಜಗಳ.

ಇಲ್ಲೊಂದು ಮಜಾ ಇದೆ. ಗ್ವಾನಿನ್‌ನ ಮೇಲಿನ ಎರಡು ಮ್ಯಾಗ್ನೆಟ್‌ಗಳನ್ನು ಕಿತ್ತು ತಿರುಗಿಸಿ ಹಾಕಿದೆ. ಆಕ್ಸಿಜನ್ ಮೇಲೆ ಹೈಡ್ರೋಜನ್ ಕೂರಿಸಿ, ಪಕ್ಕದ ನೈಟ್ರೋಜನ್‌ನಿಂದ ತೆಗೆದ ಹಾಗೆ. ಈಗ ಅದೇ ಗ್ವಾನಿನ್ ಥೈಮಿನ್ ಜೊತೆ ಮೂರು ಕಡೆ ಚೆನ್ನಾಗಿ ಕೂರುತ್ತದೆ! ಇದಕ್ಕೆ ಈನಾಲ್ ರೂಪ ಅಂತ ಹೆಸರು. 1953ರಲ್ಲಿ ಕೇಂಬ್ರಿಜ್‌ನಲ್ಲಿ ಡಿಎನ್‌ಎ ರಚನೆ ಹುಡುಕುತ್ತಿದ್ದ ಜೇಮ್ಸ್ ವಾಟ್ಸನ್ ನೋಡುತ್ತಿದ್ದ ಪುಸ್ತಕಗಳಲ್ಲಿ ಬೇಸ್‌ಗಳ ಚಿತ್ರ ಈ ರೂಪದಲ್ಲೇ ಇತ್ತು. ಅದು ಸರಿಯಲ್ಲ, ಹೈಡ್ರೋಜನ್ ನೈಟ್ರೋಜನ್ ಮೇಲಿರುವ ಕೀಟೋ ರೂಪ ತಗೊಳ್ಳಿ ಅಂತ ಹೇಳಿದವರು ಅಲ್ಲೇ ಇದ್ದ ರಸಾಯನ ವಿಜ್ಞಾನಿ ಜೆರ್ರಿ ಡೊನೊಹ್ಯೂ. ವಾಟ್ಸನ್ ರಟ್ಟಿನ ತುಂಡುಗಳನ್ನು ಹೊಸದಾಗಿ ಕತ್ತರಿಸಿ ಜೋಡಿಸಿದ ಮೇಲೆಯೇ ಇವತ್ತಿನ ಜೋಡಿಗಳು ಕಂಡದ್ದು. ಎರಡು ಹೈಡ್ರೋಜನ್ ಎಲ್ಲಿವೆ ಅನ್ನುವುದರ ಮೇಲೆ ಎಲ್ಲ ನಿಂತಿತ್ತು.

ಕಂಬಕ್ಕೆ ಏರಿಸಿದ್ದು

ಜೋಡಿಗಳನ್ನು ಉಕ್ಕಿನ ಸರಳಿಗೆ ಪೋಣಿಸಿದ್ದೇನೆ. ಒಂದಕ್ಕೊಂದು 3.4 ಸೆಂಟಿಮೀಟರ್ ಎತ್ತರ, ಪ್ರತಿ ಸಲ ಸುಮಾರು 36 ಡಿಗ್ರಿ ತಿರುವು. ಸರಳು ಜೋಡಿಗಳ ನಡುಮಧ್ಯದಲ್ಲೇ ಹಾದುಹೋಗುತ್ತದೆ, ಯಾಕೆಂದರೆ ಡಿಎನ್‌ಎಯ ಮಾಮೂಲಿ ಬಿ ರೂಪದಲ್ಲಿ ಅಕ್ಷವೇ ಅಲ್ಲಿ ಇರುತ್ತದೆ. ಮೊದಲ ಜೋಡಿಯಿಂದ ಕೊನೆಯದಕ್ಕೆ 37 ಸೆಂಟಿಮೀಟರ್ ಚಿಲ್ಲರೆ. ಗಟ್ಟಿಯಾಗಿ ನಿಂತಿದೆ.

ಆರ್‌ಎನ್‌ಎ ಮಾಡಲು ಎರಡು ಬದಲಾವಣೆ

ಮೊದಲನೆಯದು ತೀರಾ ಸುಲಭ. ಥೈಮಿನ್‌ನ ಮೇಲಿರುವ ಮೀಥೈಲ್ ಮಣಿ ಕಿತ್ತರೆ ಯುರಾಸಿಲ್. ಮ್ಯಾಗ್ನೆಟ್‌ಗಳು ಹಾಗೇ ಇವೆ, ಅಡಿನಿನ್ ಜೊತೆ ಹಾಗೇ ಕೂರುತ್ತದೆ. ಹಾಗಿದ್ದರೆ ಡಿಎನ್‌ಎಗೆ ಆ ಮಣಿ ಯಾಕೆ? ಉತ್ತರ ಸೈಟೊಸಿನ್ ತುಂಡಿನಲ್ಲಿದೆ. ನೀರಿನಲ್ಲಿ ಸೈಟೊಸಿನ್ ಆಗಾಗ ತನ್ನ ಅಮೈನೋ ಗುಂಪು ಕಳೆದುಕೊಳ್ಳುತ್ತದೆ, ಆ ಜಾಗಕ್ಕೆ ಆಕ್ಸಿಜನ್ ಬರುತ್ತದೆ. ಮೇಲಿನ ಎರಡು ಮ್ಯಾಗ್ನೆಟ್ ತಿರುಗಿಸಿ ನೋಡಿ: ತಗೋ, ಕೊಡು, ತಗೋ. ಅದು ಯುರಾಸಿಲ್! ಮುಂದಿನ ನಕಲಿನಲ್ಲಿ ಅದರ ಎದುರು ಗ್ವಾನಿನ್ ಬದಲು ಅಡಿನಿನ್ ಬರುತ್ತದೆ. ಡಿಎನ್‌ಎಯಲ್ಲಿ ಯುರಾಸಿಲ್ ಮಾಮೂಲಿ ಅಕ್ಷರವೇ ಆಗಿದ್ದರೆ ಯಾವುದು ಅಸಲಿ, ಯಾವುದು ಕೆಟ್ಟ ಸೈಟೊಸಿನ್ ಅಂತ ಗೊತ್ತಾಗುತ್ತಿರಲಿಲ್ಲ. ಮೀಥೈಲ್ ಇರುವುದರಿಂದ, ಮಣಿ ಇಲ್ಲದ್ದು ಕಂಡರೆ ಕಿತ್ತುಹಾಕಬಹುದು. ಹಾಗೆ ಕೀಳುವ ಕಿಣ್ವವನ್ನು ತೋಮಸ್ ಲಿಂಡಾಲ್ 1974ರಲ್ಲಿ ವರದಿ ಮಾಡಿದರು.

ಎರಡನೆಯ ಬದಲಾವಣೆ ನೋಡಲು ಇನ್ನೂ ಸಣ್ಣದು, ಆದರೆ ಕೆಲಸ ಪೂರ್ತಿ ಹಿಡಿದದ್ದು ಅದೇ. ಸಕ್ಕರೆಯ 2ನೇ ಕಾರ್ಬನ್‌ಗೆ ಹೈಡ್ರೋಜನ್ ಬದಲು ಒಎಚ್ ಮಣಿ. ಬಿ ರೂಪದ ಮಾದರಿಯಲ್ಲಿ ಆ ಮಣಿಗೆ ಜಾಗವೇ ಇಲ್ಲ, ನೆರೆಯ ಸಕ್ಕರೆ-ಫಾಸ್ಫೇಟ್ ಭಾಗಕ್ಕೆ ತಾಗುತ್ತದೆ. ಸಕ್ಕರೆಯ ಉಂಗುರ ಚಪ್ಪಟೆಯಲ್ಲ, ಒಂದು ಪರಮಾಣು ಎದ್ದಿರುತ್ತದೆ. ಬಿ ರೂಪದಲ್ಲಿ ಎದ್ದಿರುವುದು 2ನೇ ಕಾರ್ಬನ್. ಅದನ್ನು ಒತ್ತಿ 3ನೆಯದನ್ನು ಎಬ್ಬಿಸಿದರೆ ಮಣಿಗೆ ಜಾಗ ಸಿಗುತ್ತದೆ. ಆದರೆ ಅಕ್ಕಪಕ್ಕದ ಫಾಸ್ಫೇಟ್‌ಗಳ ಅಂತರ 7 ಸೆಂಟಿಮೀಟರ್‌ನಿಂದ 6ರ ಹತ್ತಿರಕ್ಕೆ ಇಳಿಯುತ್ತದೆ. ಹಾಗಾದ ಮೇಲೆ ಇಡೀ ಏಣಿಯೇ ಬದಲಾಗಬೇಕು: ಒಂದು ಸುತ್ತಿಗೆ 11 ಜೋಡಿ, ಹೆಜ್ಜೆಯ ಎತ್ತರ ಸುಮಾರು 2.8 ಸೆಂಟಿಮೀಟರ್. ಜೋಡಿಗಳು ಓರೆಯಾಗಿ, ಅಕ್ಷದಿಂದ 4 ಸೆಂಟಿಮೀಟರಿನಷ್ಟು ಆಚೆ ಸರಿಯುತ್ತವೆ. ಮೇಲಿನಿಂದ ನೋಡಿದರೆ ನಡುವೆ ತೂತು. ನನ್ನ ಸರಳು ಆ ತೂತಿನಲ್ಲಿ ಯಾವ ಬೇಸ್‌ಗೂ ತಾಗದೆ ನಿಂತುಬಿಟ್ಟಿತು! ಈಗ ಜೋಡಿಗಳನ್ನು ಹಿಡಿಯಲು ಸರಳಿನಿಂದ ಅಡ್ಡ ತಂತಿ ಕೊಟ್ಟಿದ್ದೇನೆ. ಅಷ್ಟೇ 12 ಜೋಡಿಯ ಎತ್ತರ 31 ಸೆಂಟಿಮೀಟರ್‌ಗೆ ಇಳಿದಿದೆ, ದಪ್ಪ ಜಾಸ್ತಿಯಾಗಿದೆ.

ಆರ್‌ಎನ್‌ಎ ಬೇಗ ಹಾಳಾಗುವುದಕ್ಕೂ ಅದೇ ಮಣಿ ಕಾರಣ. ಕ್ಷಾರ ಅದರ ಹೈಡ್ರೋಜನ್ ಎಳೆದುಕೊಂಡರೆ ಉಳಿದ ಆಕ್ಸಿಜನ್ ಪಕ್ಕದ ಫಾಸ್ಫರಸ್ ಮೇಲೆ ಬೀಳುತ್ತದೆ. ಮುಂದಿನ ಸಕ್ಕರೆಯ 5ನೇ ಆಕ್ಸಿಜನ್ ಕಡಿದುಹೋಗುತ್ತದೆ, ಎಳೆ ತುಂಡಾಗುತ್ತದೆ. ತುಂಡಿನ ತುದಿಯಲ್ಲಿ 2 ಮತ್ತು 3ನೇ ಕಾರ್ಬನ್ ಎರಡನ್ನೂ ಹಿಡಿದ ಫಾಸ್ಫೇಟ್ ಉಂಗುರ ಉಳಿಯುತ್ತದೆ. ಆಮೇಲೆ ಆ ಉಂಗುರ ಯಾವ ಕಡೆ ಬೇಕಾದರೂ ಬಿಚ್ಚಬಹುದು. ಅದಕ್ಕೇ ಕೊನೆಗೆ ಎರಡು ಬಗೆಯ ಫಾಸ್ಫೇಟ್‌ಗಳ ಬೆರಕೆ ಸಿಗುತ್ತದೆ. ಲ್ಯಾಬ್‌ನಲ್ಲಿ 0.3 ಮೋಲಾರ್ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್‌ನಲ್ಲಿ 37 ಡಿಗ್ರಿಗೆ ರಾತ್ರಿಯಿಡೀ ಇಟ್ಟರೆ ಆರ್‌ಎನ್‌ಎ ಬಿಡಿ ನ್ಯೂಕ್ಲಿಯೊಟೈಡ್‌ಗಳಾಗುತ್ತದೆ. ಡಿಎನ್‌ಎಯ ಎಳೆಗಳು ಕ್ಷಾರದಲ್ಲಿ ಬೇರೆಯಾಗುತ್ತವೆ ಅಷ್ಟೇ, ತುಂಡಾಗುವುದಿಲ್ಲ.

ಮಾದರಿಯಲ್ಲಿ ಇದನ್ನು ಮಾಡಿ ನೋಡಿದಾಗ ಇನ್ನೊಂದು ಗೊತ್ತಾಯಿತು. ಬೀಳುವ ಆಕ್ಸಿಜನ್ ಮತ್ತು ಬಿಟ್ಟುಹೋಗುವ ಆಕ್ಸಿಜನ್ ಫಾಸ್ಫರಸ್‌ನ ಎದುರುಬದುರು, ಒಂದೇ ಗೆರೆಯಲ್ಲಿ ಬರಬೇಕು. ಜೋಡಿಯೆಳೆಯಲ್ಲಿ ಆ ಗೆರೆ ಸಿಗುವುದಿಲ್ಲ, ತಂತಿ ಬಗ್ಗಿಸಬೇಕು. ಒಂಟಿ ಎಳೆಯ ಭಾಗ ಸಡಿಲವಾಗಿರುವುದರಿಂದ ಸುಲಭವಾಗಿ ಸಿಗುತ್ತದೆ. ಆರ್‌ಎನ್‌ಎ ಮೊದಲು ಕಡಿಯುವುದು ಒಂಟಿ ಎಳೆಯ ಕುಣಿಕೆಗಳಲ್ಲಿ, ಜೋಡಿಯಾದ ಕಾಂಡದಲ್ಲಿ ಅಲ್ಲ, ಅನ್ನುವುದಕ್ಕೆ ಇದು ಹೊಂದುತ್ತದೆ.

ಮುಂದೆ

ಗ್ವಾನಿನ್ ಎದುರು ಯುರಾಸಿಲ್ ಇಟ್ಟು ಸ್ವಲ್ಪ ಪಕ್ಕಕ್ಕೆ ಜಾರಿಸಿದರೆ ಎರಡು ಕಡೆ ಮ್ಯಾಗ್ನೆಟ್ ಹಿಡಿಯುತ್ತದೆ. 1966ರಲ್ಲಿ ವಾಟ್ಸನ್ ಜೊತೆಗಾರ ಫ್ರಾನ್ಸಿಸ್ ಕ್ರಿಕ್ ಹೇಳಿದ ವಾಬಲ್ ಜೋಡಿ ಇದು. ಈ.ಕೋಲೈ ಬ್ಯಾಕ್ಟೀರಿಯಾದಲ್ಲಿ ಅಲನಿನ್ ಅನ್ನುವ ಅಮೈನೋ ಆಮ್ಲವನ್ನು ಹೊರುವ ಟಿಆರ್‌ಎನ್‌ಎಯ ತುದಿಯ ಕಾಂಡದಲ್ಲಿ, 3ನೇ ಮತ್ತು 70ನೇ ಜಾಗಗಳ ನಡುವೆ ಇಂಥದ್ದೊಂದಿದೆ. ಅಲನಿನ್ ಕೂರಿಸುವ ಕಿಣ್ವ ಗುರುತು ಹಿಡಿಯುವುದು ಮುಖ್ಯವಾಗಿ ಆ ಒಂದು ಜೋಡಿಯನ್ನೇ. ಆ ಏಳು ಜೋಡಿಯ ಕಾಂಡಕ್ಕೆ ಸನ್‌ಬೋರ್ಡ್ ಕತ್ತರಿಸಿಟ್ಟಿದ್ದೇನೆ, ಒಎಚ್ ಮಣಿಗಳಿಗೆ ಬಣ್ಣ ಬಳಿಯುವುದು ಬಾಕಿ.