ಮೂರು ನಂಬರ್ ನಂಬಿ ಕೆಟ್ಟ ವರ್ಮ್ ವೀಲ್

ಗಿರಾಕಿಯಿಂದ ಫೋನಲ್ಲಿ ಬಂದಿದ್ದು ಮೂರೇ ನಂಬರ್. ಆಕ್ಸಿಯಲ್ ಮಾಡ್ಯೂಲ್ 4, ಎರಡು ಸ್ಟಾರ್ಟ್, ವೀಲ್‌ಗೆ 40 ಹಲ್ಲು. ಜೊತೆಗೆ ಹಲ್ಲು ಸವೆದ ಹಳೇ ವೀಲ್ ಒಂದು. ಅದನ್ನ ತಿರುಗಿಸೋ ವರ್ಮ್ ಚೆನ್ನಾಗಿದೆ, ಗೇರ್‌ಬಾಕ್ಸಲ್ಲೇ ಇರಲಿ, ವೀಲ್ ಮಾತ್ರ ಮಾಡಿಕೊಡಿ ಅಂದರು. ಅವರ ಲೈನ್ ನಿಂತಿತ್ತು, ಹಾಗಾಗಿ ಅವಸರ.

ನಾನು ಎಂದಿನಂತೆ ಎಕ್ಸೆಲ್ ಶೀಟ್ ತೆಗೆದೆ. ಮೂರು ನಂಬರ್ ಹಾಕಿದ ತಕ್ಷಣ ಉತ್ತರ ಬಂತು. ಸೆಂಟರ್ ಡಿಸ್ಟೆನ್ಸ್ 100 ಮಿ.ಮೀ., ಲೀಡ್ ಆಂಗಲ್ 11 ಡಿಗ್ರಿ 19 ನಿಮಿಷ. ಎಷ್ಟು ದುಂಡಗಿನ ನಂಬರ್ ನೋಡಿ, 100! ದುಂಡಗಿನ ನಂಬರ್ ಬಂದರೆ ಸರಿಯೇ ಇರುತ್ತೆ ಅನ್ನೋ ಮೂಢನಂಬಿಕೆ ನನಗೂ ಇತ್ತು. ಡ್ರಾಯಿಂಗ್ ಮಾಡಿ ಶಾಪ್‌ಗೆ ಕೊಟ್ಟೆ.

ಈಗ ಯೋಚಿಸಿದರೆ, ಆ ಶೀಟ್ ಉತ್ತರ ಕೊಟ್ಟಿದ್ದೇ ತಪ್ಪು. ಮೂರು ನಂಬರಿನಿಂದ ಸೆಂಟರ್ ಡಿಸ್ಟೆನ್ಸ್ ಬರೋದೇ ಇಲ್ಲ. ವೀಲ್ ಕಡೆಯದ್ದು ಬರುತ್ತೆ: ನಾಲ್ಕನ್ನು ನಲವತ್ತರಿಂದ ಗುಣಿಸಿದರೆ ಪಿಚ್ ಡಯಾ 160. ವರ್ಮ್ ಕಡೆಯದ್ದು ಬರೋದಿಲ್ಲ. ಸ್ಪರ್ ಗೇರ್ ಅಭ್ಯಾಸ ಇರೋರು ಅಲ್ಲೂ ಮಾಡ್ಯೂಲನ್ನ ಸ್ಟಾರ್ಟಿನಿಂದ ಗುಣಿಸಿ 8 ಮಿ.ಮೀ. ಅಂದುಬಿಡ್ತಾರೆ. ಟ್ರೈನಿ ಹುಡುಗ ಒಬ್ಬ ಹಾಗೆ ಮಾಡಿದ್ದಕ್ಕೆ ನಾನೇ ನಕ್ಕಿದ್ದೆ. ಅವನ ತಪ್ಪು ಕಣ್ಣಿಗೆ ಕಾಣುತ್ತೆ, ಪೆನ್ಸಿಲ್ ದಪ್ಪದ ವರ್ಮ್ ಯಾರೂ ನಂಬಲ್ಲ. ನನ್ನದು ಕಾಣಲಿಲ್ಲ ಅಷ್ಟೇ.

ವರ್ಮ್ ಅಂದರೆ ಸ್ಕ್ರೂ. ಒಂದೇ ಪಿಚ್ಚಿನ ಥ್ರೆಡ್ಡನ್ನ ಸಣ್ಣ ರಾಡ್ ಮೇಲೂ ಹಾಕಬಹುದು, ದಪ್ಪ ರಾಡ್ ಮೇಲೂ ಹಾಕಬಹುದು, ಅಲ್ವಾ? ಹಾಗೇ ಮಾಡ್ಯೂಲ್ 4 ಅಂದರೆ ಆಕ್ಸಿಯಲ್ ಪಿಚ್ 12.566 ಅಂತ ಮಾತ್ರ ಗೊತ್ತಾಯಿತು. ಎರಡು ಸ್ಟಾರ್ಟ್ ಅಂದರೆ ಒಂದು ಸುತ್ತಿಗೆ ಅದರ ಎರಡರಷ್ಟು, 25.13 ಮಿ.ಮೀ. ಲೀಡ್. ಈ ಲೀಡ್ ಎಷ್ಟು ದಪ್ಪದ ರಾಡ್ ಮೇಲೆ ಸುತ್ತಿದೆ ಅನ್ನೋದನ್ನ ವರ್ಮ್ ಮಾಡಿದವನು ಆರಿಸಿಕೊಂಡಿರ್ತಾನೆ. ದಪ್ಪ ರಾಡ್ ಆದರೆ ಥ್ರೆಡ್ ಮಲಗುತ್ತೆ, ಸಣ್ಣ ರಾಡ್ ಆದರೆ ಎದ್ದು ನಿಲ್ಲುತ್ತೆ. ಸೆಂಟರ್ ಡಿಸ್ಟೆನ್ಸ್, ಲೀಡ್ ಆಂಗಲ್ ಎರಡೂ ಆ ಒಂದು ಡಯಾ ಮೇಲೆ ನಿಂತಿವೆ.

ನಮ್ಮ ಶೀಟಲ್ಲಿ ಆ ಡಯಾ ಕೇಳೋ ಜಾಗವೇ ಇರಲಿಲ್ಲ. ಶೀಟ್ ಮಾಡಿದವರು ಕೆಲಸ ಬಿಟ್ಟು ಹೋಗಿ ವರ್ಷಗಳಾಗಿವೆ. ಹೈಡ್ ಮಾಡಿದ ಕಾಲಮ್ಮಲ್ಲಿ `q = 10` ಅಂತ ಬರೆದಿಟ್ಟಿದ್ದರು. ಅಂದರೆ ವರ್ಮ್ ಪಿಚ್ ಡಯಾ ಯಾವಾಗಲೂ ಮಾಡ್ಯೂಲಿನ ಹತ್ತರಷ್ಟು. ನಮ್ಮದು 40 ಆಯಿತು. ನಲವತ್ತಕ್ಕೆ ನೂರಅರವತ್ತು ಸೇರಿಸಿ ಅರ್ಧ ಮಾಡಿದರೆ ಆ ದುಂಡಗಿನ 100.

ಇನ್ನು ನನಗೆ ಇವತ್ತಿಗೂ ಚುಚ್ಚೋ ವಿಷಯ. ಹಲ್ಲು ಕತ್ತರಿಸೋ ಹಾಬಿಂಗ್ ಮಷಿನ್ ನಡೆಸುವ ಹಿರಿಯರು ಹೊಸ ಬ್ಲ್ಯಾಂಕ್ ಮತ್ತು ಹಳೇ ವೀಲ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನನ್ನ ಟೇಬಲ್ ಹತ್ತಿರ ಬಂದರು.

"ಸಾರ್, ಹಳೇದರಲ್ಲಿ ಥ್ರೋಟ್ ಇನ್ನೂ ಅಗಲ ಇದೆ. ನಮ್ಮದು ಕಿರಿದು ಕಾಣ್ತಿದೆ. ಒಂದ್ಸಲ ನೋಡ್ತೀರಾ?"

ನಾನು ಕಂಪ್ಯೂಟರಿಂದ ತಲೆ ಎತ್ತದೆ ಹೇಳಿದೆ: "ಸವೆದು ಅಗಲ ಆಗಿರುತ್ತೆ ಯಜಮಾನ್ರೇ. ನೀವು ಹೊಡೀರಿ."

ಅವರು ಒಂದು ಕ್ಷಣ ನಿಂತರು. ಆಮೇಲೆ ಎರಡನ್ನೂ ಎತ್ತಿಕೊಂಡು ಹೋದರು.

ವರ್ಮ್ ವೀಲ್ ಸವೆಯೋದು ಹಲ್ಲಿನ ಪಕ್ಕದಲ್ಲಿ. ಹಲ್ಲಿನ ತುದಿಗೂ ವರ್ಮಿನ ಬುಡಕ್ಕೂ ನಡುವೆ ಕ್ಲಿಯರೆನ್ಸ್ ಇರುತ್ತೆ, ಅಲ್ಲಿ ಏನೂ ಉಜ್ಜೋದಿಲ್ಲ. ಥ್ರೋಟ್ ಅಂದರೆ ವರ್ಮ್ ಕೂರೋಕೆ ವೀಲಿನ ಅಂಚಲ್ಲಿ ಮಾಡಿದ ಕಣಿವೆ. ಹಾಗಾಗಿ ಎಷ್ಟೇ ಹಳೇ ವೀಲ್ ಆದರೂ ಅದು ಮೊದಲು ತಿರುಗಿಸಿದ ಆಕಾರದಲ್ಲೇ ಉಳಿದಿರುತ್ತೆ. ಅದು ವರ್ಮಿನ ದಪ್ಪವನ್ನ ಅಚ್ಚು ಹಾಕಿಟ್ಟುಕೊಂಡ ಹಾಗೆ. ಥ್ರೋಟ್ ರೇಡಿಯಸ್ ಅಂದರೆ ವರ್ಮ್ ಪಿಚ್ ಡಯಾದ ಅರ್ಧದಲ್ಲಿ ಒಂದು ಮಾಡ್ಯೂಲ್ ಕಳೆದಷ್ಟು. ನನ್ನ ಡ್ರಾಯಿಂಗಲ್ಲಿ 16 ಇತ್ತು. ಹಳೇ ವೀಲಲ್ಲಿ 21. ವೀಲಿನ ಹೊರ ಡಯಾ 174ಕ್ಕೆ ಕತ್ತರಿಸಿದಾಗ ಆ ಕಣಿವೆ ಒಂದರಲ್ಲಿ ಸುಮಾರು 19 ಮಿ.ಮೀ. ಅಗಲ, ಇನ್ನೊಂದರಲ್ಲಿ ಸುಮಾರು 22. ಅವರು ಬರೀ ಕಣ್ಣಲ್ಲಿ ನೋಡಿದ್ದು ಆ ಮೂರು ಮಿಲಿಮೀಟರನ್ನ. ರೇಡಿಯಸ್ ಗೇಜ್ ನನ್ನ ಡ್ರಾಯರಲ್ಲೇ ಇತ್ತು.

ಇನ್ಸ್‌ಪೆಕ್ಷನ್ ಎಲ್ಲ ಓಕೆ ಆಯಿತು. ಆಗದೇ ಏನು? ಡ್ರಾಯಿಂಗಿಗೆ ತಕ್ಕ ಹಾಗೆ ಇತ್ತು. ಹಲ್ಲು 40, ಪಿಚ್ ಡಯಾ 160, ಥ್ರೋಟ್ ಡಯಾ 168. ಇವು ಮೂರೂ ವರ್ಮ್ ದಪ್ಪ ಎಷ್ಟಿದ್ದರೂ ಬದಲಾಗೋದಿಲ್ಲ. ಹಾಗಾಗಿ ಹಳೇ ವೀಲ್ ಪಕ್ಕ ಇಟ್ಟು ಅಳೆದರೂ ಎಲ್ಲ ಸರಿ ಅಂತಲೇ ತೋರಿಸುತ್ತವೆ.

ಫಿಟ್ಟಿಂಗ್ ದಿನ ನಾನೂ ಹೋದೆ. ಗೇರ್‌ಬಾಕ್ಸ್ ಬಾಯಿ ತೆರೆದಿತ್ತು. ವೀಲ್ ಶಾಫ್ಟ್ ಕೂತಿತು. ಫಿಟ್ಟರ್ ಪಕ್ಕದ ಬೋರಿಂದ ವರ್ಮನ್ನ ತಿರುಗಿಸುತ್ತಾ ಒಳಗೆ ಬಿಟ್ಟರು. ಮೊದಲ ಒಂದೆರಡು ಹಲ್ಲು ಹಿಡಿಯಿತು. ಆಮೇಲೆ ಬಿಗಿ. ಕೈ ತೆಗೆದು ನನ್ನ ಮುಖ ನೋಡಿದರು. ಸುತ್ತ ಐದಾರು ಜನ ನಿಂತಿದ್ದರು, ಯಾರೂ ಮಾತಾಡಲಿಲ್ಲ.

"ಬೇರಿಂಗ್ ಕವರ್ ಶಿಮ್ ನೋಡಿ" ಅಂದೆ. ಶಿಮ್ ತೆಗೆದು ವೀಲನ್ನ ಆ ಕಡೆ ಅರ್ಧ ಮಿಲಿ ಸರಿಸಿದರು. ಬಿಗಿ. ಈ ಕಡೆ ಸರಿಸಿದರು. ಬಿಗಿ. ಹೌಸಿಂಗ್ ಬೋರ್ ಓರೆ ಆಗಿರಬಹುದು ಅಂದೆ. ವರ್ಮ್ ಬಗ್ಗಿರಬಹುದು ಅಂದೆ. ಒಂದು ಗಂಟೆ ಅವರ ಮಷಿನ್ ಮೇಲೆ ತಪ್ಪು ಹೊರಿಸುತ್ತಲೇ ಇದ್ದೆ. ಕೊನೆಗೆ ಫಿಟ್ಟರ್ ಏನೂ ಹೇಳದೆ, ಹಲ್ಲು ಎಲ್ಲಿ ತಾಗುತ್ತೆ ನೋಡೋಕೆ ವರ್ಮಿಗೆ ಬ್ಲೂ ಹಚ್ಚಿ, ಸ್ವಲ್ಪ ತಿರುಗಿಸಿ, ವಾಪಸ್ ಬಿಚ್ಚಿ ವೀಲ್ ಮೇಲೆ ಟಾರ್ಚ್ ಬಿಟ್ಟರು.

ಹಲ್ಲಿನ ಮಧ್ಯ ಚೊಕ್ಕವಾಗಿತ್ತು, ಒಂದು ಚುಕ್ಕೆ ನೀಲಿ ಇಲ್ಲ. ಒಂದು ಪಕ್ಕದಲ್ಲಿ ಎಡ ತುದಿ, ಇನ್ನೊಂದು ಪಕ್ಕದಲ್ಲಿ ಬಲ ತುದಿ, ಅಲ್ಲಿ ಮಾತ್ರ ನೀಲಿ. ಒಂದು ಮೂಲೆಯಲ್ಲಿ ಬ್ರಾಂಜ್ ತೆಳ್ಳಗೆ ಸಿಪ್ಪೆ ಎದ್ದಿತ್ತು. ಶಿಮ್ ತಪ್ಪಿದ್ದರೆ ನೀಲಿ ಎರಡೂ ಪಕ್ಕದಲ್ಲಿ ಒಂದೇ ಕಡೆಗೆ ವಾಲಬೇಕಿತ್ತು. ಹೀಗೆ ಎದುರು ಬದುರು ಮೂಲೆ ಹಿಡಿದರೆ ಆಂಗಲ್ ಹೊಂದಿಲ್ಲ ಅಂತ ಅರ್ಥ. ಅದು ನನಗೆ ಗೊತ್ತಿತ್ತು. ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಯಿತು.

ವರ್ನಿಯರ್ ಕೇಳಿ ತಗೊಂಡೆ. ಮೊದಲು ವರ್ಮ್ ಮೇಲೆ ಐದು ಪಿಚ್ ಅಳೆದೆ: 62.8. ಐದರಿಂದ ಭಾಗಿಸಿ, ಪೈನಿಂದ ಭಾಗಿಸಿದರೆ 4. ಮಾಡ್ಯೂಲ್ ಸರಿ. ತುದಿಯಲ್ಲಿ ಥ್ರೆಡ್ ಎಣಿಸಿದೆ, ಎರಡು. ಸ್ಟಾರ್ಟ್ ಸರಿ. ಆಮೇಲೆ ಔಟರ್ ಡಯಾ. ನನ್ನ ಲೆಕ್ಕದಲ್ಲಿ 48 ಬರಬೇಕು. ಬಂದಿದ್ದು 58. ಮತ್ತೆ ಅಳೆದೆ, 58. ಅಲ್ಲೇ ಕೂತು ಫೋನಲ್ಲಿ ಲೆಕ್ಕ ಹಾಕಿದೆ.

```
d1 = 58 − 2 × 4 = 50
d2 = 4 × 40 = 160
a  = (50 + 160) / 2 = 105
tan γ = 4 × 2 / 50 = 0.16   →  γ = 9°05'
```

ಹೌಸಿಂಗ್ ಬೋರ್ ಸೆಂಟರ್ ಅಳೆದರೆ ಅದೂ 105. ಎರಡು ದಾರಿಯಿಂದ ಒಂದೇ ಉತ್ತರ ಬಂದರೆ ಪ್ರೊಫೈಲ್ ಶಿಫ್ಟ್ ಇಲ್ಲ ಅಂತಲೂ ಆಯಿತು. ಹೊಂದದೇ ಹೋಗಿದ್ದರೆ ಸೆಂಟರ್‌ಗೆ ಹೌಸಿಂಗನ್ನ, ವರ್ಮ್ ಪಿಚ್ ಡಯಾಗೂ ಆಂಗಲ್‌ಗೂ ವರ್ಮ್ ಔಟರ್ ಡಯಾದಿಂದ ಬಂದಿದ್ದನ್ನೇ ನಂಬಬೇಕು, ಯಾಕಂದರೆ ಶಿಫ್ಟ್ ಕೊಡೋದು ವೀಲ್‌ಗೆ.

ಹಾಬ್ ಅಂದರೆ ವರ್ಮ್ ಆಕಾರದ್ದೇ ಕಟರ್. ನಮ್ಮ ವೀಲ್ ಹೊಡೆದಿದ್ದು 40 ಪಿಚ್ ಡಯಾ ಹಾಬಿನಿಂದ. ವೀಲ್ ಹಲ್ಲಿನ ಓರೆ 0.2, ವರ್ಮಿನದು 0.16. ಎರಡು ಡಿಗ್ರಿ ಅಂದರೆ ಸಣ್ಣದು ಅನ್ನಿಸುತ್ತೆ. ವೀಲ್ ಅಗಲ 30, ಮಧ್ಯದಿಂದ ತುದಿಗೆ 15. ಅಷ್ಟು ದೂರಕ್ಕೆ 0.04 ಅಂದರೆ 0.6 ಮಿ.ಮೀ. ತಪ್ಪುತ್ತೆ. ಡ್ರಾಯಿಂಗಲ್ಲಿ ನಾನು ಕೊಟ್ಟಿದ್ದ ಬ್ಯಾಕ್‌ಲ್ಯಾಶ್ ಬರೀ 0.15. ತಿರುಗೋದು ಹೇಗೆ? ಅದರ ಮೇಲೆ ಹಾಬ್ ವರ್ಮಿಗಿಂತ ಸಣ್ಣದು. ವರ್ಮಿಗಿಂತ ಕೂದಲೆಳೆ ದೊಡ್ಡ ಹಾಬ್ ಬಳಸಿದರೆ ಕಾಂಟ್ಯಾಕ್ಟ್ ಹಲ್ಲಿನ ಮಧ್ಯಕ್ಕೆ ಬರುತ್ತೆ, ಸಣ್ಣದು ಬಳಸಿದರೆ ತುದಿಗೆ ಓಡುತ್ತೆ. ನಮ್ಮದು ಹತ್ತು ಮಿಲಿ ಸಣ್ಣದು.

"ವೀಲ್ ನಮ್ಮದೇ ತಪ್ಪು" ಅಂತ ಹೇಳೋಕೆ ಎರಡು ನಿಮಿಷ ಹಿಡಿಯಿತು. ಫಿಟ್ಟರ್ ಕೇಳಿದರು: "ನೀವು ವರ್ಮ್ ಡಯಾ ಕೇಳಲೇ ಇಲ್ಲವಲ್ಲ ಸಾರ್, ಕೇಳಿದ್ದರೆ ಕವರ್ ಬಿಚ್ಚಿ ಹೇಳ್ತಿದ್ದೆ."

ಆ ಸೈಜ್ ಹಾಬ್ ನಮ್ಮಲ್ಲಿ ಇರಲಿಲ್ಲ. ಅದೇ ಯಜಮಾನರು ಫ್ಲೈ ಕಟರ್ ಗ್ರೈಂಡ್ ಮಾಡಿ, ಟ್ಯಾಂಜೆನ್ಶಿಯಲ್ ಫೀಡಲ್ಲಿ ಒಂದೇ ಹಲ್ಲಿನ ಟೂಲಿಂದ ರಾತ್ರಿಯೆಲ್ಲ ವೀಲ್ ಹೊಡೆದರು. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಥ್ರೋಟ್ ವಿಷಯ ಅವರು ಎತ್ತಲಿಲ್ಲ. ಬೆಳಗಿನ ಜಾವ ನಾನೇ ಎತ್ತಿದೆ. "ಬಿಡಿ ಸಾರ್" ಅಂದರು. ಅದು ಬೈದಿದ್ದಕ್ಕಿಂತ ಜಾಸ್ತಿ ಆಯಿತು.

ಮ್ಯಾನೇಜ್ಮೆಂಟ್ ಏನು ಮಾಡಿತು ಅಂದರೆ, ಎನ್‌ಕ್ವೈರಿ ಫಾರ್ಮಲ್ಲಿ ಇನ್ನೊಂದು ಸಹಿಯ ಕಾಲಮ್ ಸೇರಿಸಿತು. ಈಗ ತಪ್ಪು ಡ್ರಾಯಿಂಗಿಗೆ ಇಬ್ಬರ ಬದಲು ಮೂವರು ಸಹಿ ಹಾಕಬಹುದು. ವರ್ಮ್ ಔಟರ್ ಡಯಾಗೆ ಒಂದು ಖಾನೆ ಕೊಡಿ ಅಂದರೆ ಫಾರ್ಮಲ್ಲಿ ಜಾಗ ಇಲ್ಲವಂತೆ. ಶೀಟನ್ನ ನಾನೇ ಸುಮ್ನೆ ಬದಲಾಯಿಸಿದೆ. ಹೈಡ್ ಆಗಿದ್ದ ಹತ್ತನ್ನ ಅಳಿಸಿದೆ. ಔಟರ್ ಡಯಾ ಹಾಕದಿದ್ದರೆ ಸೆಂಟರ್ ಡಿಸ್ಟೆನ್ಸ್ ಜಾಗದಲ್ಲಿ ಕೆಂಪಗೆ "ವರ್ಮ್ ಅಳೆದಿರಾ?" ಅಂತ ಬರುತ್ತೆ.

ಹೋದ ವಾರ ಇನ್ನೊಬ್ಬ ಗಿರಾಕಿ. ಮಾಡ್ಯೂಲ್ 4, ಎರಡು ಸ್ಟಾರ್ಟ್, 40 ಹಲ್ಲು. ಹಠ ಹಿಡಿದು ಗೇರ್‌ಬಾಕ್ಸ್ ಬಿಚ್ಚಿಸಿ ವರ್ಮ್ ಅಳೆಸಿದೆ. ಎರಡು ದಿನ ತಡ ಆಯಿತು. ಔಟರ್ ಡಯಾ 48 ಬಂತು. ಸೆಂಟರ್ ಡಿಸ್ಟೆನ್ಸ್ 100, ಲೀಡ್ ಆಂಗಲ್ 11 ಡಿಗ್ರಿ 19 ನಿಮಿಷ. ಮ್ಯಾನೇಜರ್ ನನ್ನ ಹಿಂದೆ ನಿಂತು ಸ್ಕ್ರೀನ್ ನೋಡಿದರು. "ಹಳೇ ಶೀಟೇ ಸರಿಯಾಗಿತ್ತಲ್ಲರೀ" ಅಂದರು.